ಔಷಧ ಪ್ರಯೋಗಗಳ ದತ್ತಾಂಶವನ್ನು ಒಂದೇ ಶೀಟಿಗೆ ತರುವುದು: ಎಸ್‌ಡಿ, ಎಸ್‌ಇ ಗೊಂದಲ

ಪ್ರಶ್ನೆ: ರಕ್ತದೊತ್ತಡದ ಔಷಧದ ಪ್ರಯೋಗಗಳಲ್ಲಿ ಒಂದು ಪ್ರಬಂಧ ಎಸ್‌ಡಿ ಕೊಡುತ್ತದೆ, ಇನ್ನೊಂದು ಎಸ್‌ಇ, ಮತ್ತೊಂದು 95% ಸಿಐ. ಎಲ್ಲವನ್ನೂ ಒಂದೇ ಶೀಟಿಗೆ ಹೇಗೆ ತರಲಿ?

ಉತ್ತರ: ಮೊದಲು ಪ್ರಬಂಧದಲ್ಲಿರುವ ಸಂಖ್ಯೆಯನ್ನು ಇದ್ದಂತೆಯೇ ಬರೆದುಕೊಳ್ಳಿ. ಕ್ಯಾಲ್ಕುಲೇಟರಿನಲ್ಲಿ ಬದಲಿಸಿ ಉತ್ತರವನ್ನಷ್ಟೇ ತುಂಬಿದರೆ ತಪ್ಪು ಎಲ್ಲಾಯಿತೆಂದು ಆಮೇಲೆ ಹುಡುಕಲಾಗದು. ಪ್ರತಿ ಪ್ರಯೋಗದ ಪ್ರತಿ ಗುಂಪಿಗೆ, ಅಳತೆ ಮಾಡಿದ ಪ್ರತಿ ಅವಧಿಗೆ ಒಂದು ಸಾಲು ಇರಲಿ. D ಕಾಲಂನಲ್ಲಿ ಆ ಅವಧಿಯಲ್ಲಿ ಅಳತೆಗೆ ಸಿಕ್ಕ ರೋಗಿಗಳ ಸಂಖ್ಯೆ, E ಯಲ್ಲಿ ವರದಿಯಾದ ಎಸ್‌ಡಿ ಅಥವಾ ಎಸ್‌ಇ, F ನಲ್ಲಿ SD, SE ಅಥವಾ CI ಎಂದು ಅದರ ಬಗೆ, G ಮತ್ತು H ನಲ್ಲಿ ಸಿಐನ ಕೆಳ, ಮೇಲಿನ ಮಿತಿ. ಎಸ್‌ಡಿಯನ್ನು ಶೀಟೇ ಲೆಕ್ಕಹಾಕಲಿ:

```
=IF(F2="SD",E2,IF(F2="SE",E2*SQRT(D2),IF(F2="CI",(H2-G2)*SQRT(D2)/3.92,"")))
```

64 ರೋಗಿಗಳ ಗುಂಪಿನಲ್ಲಿ ಎಸ್‌ಇ 1.5 ಇದ್ದರೆ ಎಸ್‌ಡಿ 12. ಅದೇ 1.5 ಅನ್ನು ಎಸ್‌ಡಿ ಎಂದು ತುಂಬಿದರೆ ವೇರಿಯನ್ಸ್ 64 ಪಟ್ಟು ಕುಗ್ಗಿ, ಮೆಟಾ ವಿಶ್ಲೇಷಣೆಯಲ್ಲಿ ಆ ಒಂದು ಪ್ರಯೋಗವೇ ಇಡೀ ಫಲಿತಾಂಶವನ್ನು ತನ್ನತ್ತ ಎಳೆಯುತ್ತದೆ. ಹಾಗಾಗಿ ಕೊನೆಗೆ ಎಸ್‌ಡಿ ಕಾಲಂ ಅನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ನೋಡಿ. ಉಳಿದವು 10ರಿಂದ 16ರ ಆಸುಪಾಸಿನಲ್ಲಿದ್ದು ಒಂದು ಮಾತ್ರ 1.5 ಆಗಿದ್ದರೆ ಪ್ರಬಂಧದ ಕೋಷ್ಟಕದ ಅಡಿಟಿಪ್ಪಣಿಗೆ ಮರಳಿ. “±” ಚಿಹ್ನೆಯೊಂದನ್ನೇ ನಂಬಬೇಡಿ, ಎರಡಕ್ಕೂ ಅದನ್ನೇ ಬಳಸುತ್ತಾರೆ.

3.92 ದೊಡ್ಡ ಗುಂಪುಗಳಿಗೆ ಸರಿ. 60ಕ್ಕಿಂತ ಕಡಿಮೆ ಜನರಿದ್ದರೆ ಅದರ ಜಾಗದಲ್ಲಿ ಆವರಣ ಸಮೇತ `(2*T.INV.2T(0.05,D2-1))` ಹಾಕಿ. ಸಿಐ ಆ ಗುಂಪಿನ ಸರಾಸರಿಯದೇ ಆಗಿರಬೇಕು. ಎರಡು ಗುಂಪುಗಳ ವ್ಯತ್ಯಾಸದ ಸಿಐಗೆ ಈ ಸೂತ್ರ ಹೊಂದುವುದಿಲ್ಲ.