ಪ್ರೊಬೇಷನ್ ಪತ್ರದಲ್ಲಿ ‘ನಿಧಾನ’ ಅಂತ ಹೇಗೆ ಬರೆಯುವುದು

“ಹೊಸ ಕ್ಲರ್ಕ್ ಲೆಕ್ಕದಲ್ಲಿ ತಪ್ಪೇ ಇಲ್ಲ, ಆದರೆ ಸಿಸ್ಟಮ್‌ನಲ್ಲಿ ತುಂಬಾ ನಿಧಾನ. ರಿವ್ಯೂ ಪತ್ರ ಹೇಗೆ ಬರೆಯಲಿ?”

ಹೆಚ್ಚಾಗಿ ಇದು ಮೆನು ಕೋಡ್ ಇನ್ನೂ ಕೈಗೆ ಹತ್ತದ ಸಮಸ್ಯೆ. ನಿಮ್ಮ ಬ್ಯಾಂಕಿನ ಸಾಫ್ಟ್‌ವೇರ್ ಫಿನಾಕಲ್ ಆದರೆ HTM, HACLI ಅಂತ ನೇರ ಟೈಪ್ ಮಾಡುವ ಬದಲು ಮೌಸ್ ಹಿಡಿದು ಹುಡುಕುತ್ತಿರುತ್ತಾರೆ. ನೋಡದೆ ಖಚಿತವಾಗಿ ಹೇಳಲಾರೆ. ಎಂಟ್ರಿ ಬೇಗ ಮುಗಿದು, ಆಫೀಸರ್ ಪಾಸ್ ಮಾಡುವುದೇ ತಡವಾಗುತ್ತಿರಬಹುದು. ಆ ತಪ್ಪನ್ನು ಕ್ಲರ್ಕ್ ತಲೆಗೆ ಕಟ್ಟಬೇಡಿ.

ಹಾಗಾಗಿ ಮೊದಲು ಕೌಂಟರ್ ಹಿಂದೆ ನಿಂತು ಹತ್ತು ವೋಚರ್‌ಗಳ ಸಮಯ ಬರೆದುಕೊಳ್ಳಿ. ವೋಚರ್ ಕೈಗೆ ಬಂದಾಗಿನಿಂದ ಪಾಸಿಂಗ್‌ಗೆ ಹೋಗುವವರೆಗೆ ಮಾತ್ರ. ಪಕ್ಕದ ಕೌಂಟರ್‌ನದ್ದೂ ಅಷ್ಟೇ.

ಪತ್ರದಲ್ಲಿ ಮೊದಲು ನಿಖರತೆ ಬರಲಿ: ಕ್ಯಾಶ್ ಎಷ್ಟು ದಿನ ಟ್ಯಾಲಿ ಆಯಿತು, ಎಷ್ಟು ಎಂಟ್ರಿ ವಾಪಸ್ ಬಂತು. ಆಮೇಲೆ ವೇಗ. ‘ಚುರುಕಿಲ್ಲ’ ಅಂತ ಸುಮ್ನೆ ಬರೆಯಬೇಡಿ, ಅದು ಸ್ವಭಾವದ ಮಾತಾಗುತ್ತದೆ. ಹೀಗೆ ಬರೆಯಿರಿ:

“ಕ್ಯಾಶ್ ವೋಚರ್ ಎಂಟ್ರಿಗೆ ಸರಾಸರಿ 6 ನಿಮಿಷ ಆಗುತ್ತಿದೆ. ನಾಲ್ಕು ವಾರಗಳಲ್ಲಿ 4 ನಿಮಿಷಕ್ಕೆ ಬರಬೇಕು. ದಿನವೂ ಸಂಜೆ ಇಪ್ಪತ್ತು ನಿಮಿಷ ಹಿರಿಯ ಸಹೋದ್ಯೋಗಿ ಹೇಳಿಕೊಡುತ್ತಾರೆ.”

ಅಂಕಿ ನಿಮ್ಮ ಅಳತೆಯದ್ದೇ ಹಾಕಿ. ಕೊನೆಗೆ ಕನ್ಫರ್ಮೇಷನ್‌ಗೆ ಶಿಫಾರಸು ಇದೆಯೋ ಇಲ್ಲವೋ ಒಂದೇ ಸಾಲಿನಲ್ಲಿ ಹೇಳಿ, ಕ್ಲರ್ಕ್ ಸಹಿ ತಗೊಂಡು, ಪ್ರೊಬೇಷನ್ ಮುಗಿಯುವ ಮುಂಚೆಯೇ ಎಚ್‌ಆರ್‌ಗೆ ಕಳಿಸಿ.