ಟವರ್ ಡೌನ್ ಆದರೂ ಟ್ರ್ಯಾಪ್ ಯಾಕೆ ಬರಲಿಲ್ಲ?

"ಆಳಂದ ಕಡೆ ನಮ್ಮದೊಂದು ರೇಡಿಯೊ ಟವರ್ ಇದೆ. ರೌಟರ್‌ನಲ್ಲಿ ಎಸ್‌ಎನ್‌ಎಂಪಿ ಟ್ರ್ಯಾಪ್ ಹಾಕಿದ್ದೇನೆ. ಮೊನ್ನೆ ರಾತ್ರಿ ಟವರ್ ಡೌನ್ ಆಯಿತು, ಒಂದು ಟ್ರ್ಯಾಪೂ ಬರಲಿಲ್ಲ. ಕಸ್ಟಮರ್ ಫೋನ್ ಮಾಡಿದ ಮೇಲೆ ಗೊತ್ತಾಯಿತು. ಪೋಲಿಂಗ್ ಬೇಕೇ ಬೇಕಾ? ಎಷ್ಟು ನಿಮಿಷಕ್ಕೊಮ್ಮೆ?"

ಬೇಕೇ ಬೇಕು. ಪ್ರತಿ ಟವರ್‌ನ ರೌಟರನ್ನು ನಿಮಿಷಕ್ಕೊಮ್ಮೆ ಕೇಳಿ, ಉಳಿದ ಲೆಕ್ಕಗಳಿಗೆ 5 ನಿಮಿಷಕ್ಕೊಮ್ಮೆ ಸಾಕು. ನಾನು ಕಲಬುರಗಿಯಲ್ಲಿ ಇಂಥದ್ದೇ ಸಣ್ಣ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನೀವು ಹೇಳಿದ್ದು ಕೇಳಿದರೆ ಸೆಟ್ಟಿಂಗ್ ತಪ್ಪಿದೆ ಅನ್ನಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಟ್ರ್ಯಾಪ್ ಬರಲು ದಾರಿಯೇ ಇರುವುದಿಲ್ಲ.

ಟ್ರ್ಯಾಪ್ ಅಂದರೆ ರೌಟರ್ ತಾನಾಗಿ ಕಳಿಸುವ ಒಂದು ಯುಡಿಪಿ ಪ್ಯಾಕೆಟ್. ನಿಮ್ಮ ಸರ್ವರ್‌ನ 162ನೇ ಪೋರ್ಟ್‌ಗೆ ಬರುತ್ತದೆ. ಮುಟ್ಟಿತೋ ಇಲ್ಲವೋ ಅಂತ ರೌಟರ್ ನೋಡುವುದಿಲ್ಲ, ಇನ್ನೊಮ್ಮೆ ಕಳಿಸುವುದೂ ಇಲ್ಲ. ಬ್ಯಾಟರಿ ಖಾಲಿಯಾಗಿ ರೌಟರೇ ಆರಿಹೋದರೆ ಕಳಿಸುವವರು ಯಾರು? ಇನ್ನು ಕರೆಂಟ್ ಇದ್ದು ರೇಡಿಯೊ ಲಿಂಕ್ ಮಾತ್ರ ಕಟ್ಟಾಯಿತು ಅಂದುಕೊಳ್ಳಿ. ರೌಟರ್ ಮತ್ತು ರೇಡಿಯೊ ನಡುವೆ ಇರುವುದು ಕೇಬಲ್. ಗಾಳಿಯಲ್ಲಿ ಲಿಂಕ್ ಹೋದರೂ ರೇಡಿಯೊಗೆ ಪವರ್ ಇದೆ, ಆ ಕೇಬಲ್ ಪೋರ್ಟ್ ಅಪ್ ಆಗಿಯೇ ಇರುತ್ತದೆ. ರೌಟರ್‌ನ ಮಟ್ಟಿಗೆ ಏನೂ ಆಗಿಲ್ಲ, ಹಾಗಾಗಿ `linkDown` ಹುಟ್ಟುವುದೇ ಇಲ್ಲ. ಲಿಂಕ್‌ನ ಈ ತುದಿಯಲ್ಲಿ, ನಿಮ್ಮ ಸರ್ವರ್ ಕಡೆ ಇರುವ ರೌಟರ್‌ನದ್ದೂ ಇದೇ ಕಥೆ. ಟವರ್ ಕಡೆಯ ರೇಡಿಯೊ ತಾನೇ ಟ್ರ್ಯಾಪ್ ಕಳಿಸಿದರೂ, ಅದು ಬರಬೇಕಾದದ್ದು ಸತ್ತುಹೋದ ಅದೇ ಲಿಂಕ್ ಮೇಲೆ ಅಲ್ವಾ?

ಇನ್‌ಫಾರ್ಮ್ ಅಂತ ಇನ್ನೊಂದಿದೆ. ಅದಕ್ಕೆ ಸರ್ವರ್ ಉತ್ತರ ಕೊಡಬೇಕು, ಕೊಡದಿದ್ದರೆ ಮತ್ತೆ ಕಳಿಸುತ್ತದೆ. ಆದರೆ ಕೆಲವು ಸಲ ನೋಡಿ ಅದೂ ಕೈಬಿಡುತ್ತದೆ. ಲಿಂಕ್ ಅರ್ಧ ಗಂಟೆ ಇಲ್ಲದಿದ್ದರೆ ಅದರಿಂದಲೂ ಉಪಯೋಗವಿಲ್ಲ.

ಪೋಲಿಂಗ್‌ನಲ್ಲಿ ಉತ್ತರ ಬರದೇ ಇರುವುದೇ ಸುದ್ದಿ. ಮೊದಲು ಕೇಳಬೇಕಾದದ್ದು `sysUpTime`, ಅಂದರೆ ಸಾಧನ ಎದ್ದು ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಬರುತ್ತದೆ.

```
snmpget -v2c -c ನಿಮ್ಮ_ಕಮ್ಯುನಿಟಿ -t 2 -r 1 10.20.7.1 1.3.6.1.2.1.1.3.0
```

ಇದರ ಬೆಲೆ ಗೊತ್ತಾಗುವುದು ಟವರ್ ವಾಪಸ್ ಬಂದಾಗ. ಒಂದು ಉದಾಹರಣೆ ನೋಡಿ. ರಾತ್ರಿ 1:52ಕ್ಕೆ ಕೊನೆಯ ಉತ್ತರ ಬಂದಿದೆ:

```
Timeticks: (193402500) 22 days, 9:13:45.00
```

1:53ರಿಂದ ಉತ್ತರವಿಲ್ಲ. 2:41ಕ್ಕೆ ಮತ್ತೆ ಬಂತು:

```
Timeticks: (15300) 0:02:33.00
```

ಎದ್ದು ಎರಡೂವರೆ ನಿಮಿಷ ಆಗಿದೆ, ಅಂದರೆ 2:38ರ ಸುಮಾರಿಗೆ ರೌಟರ್ ಹೊಸದಾಗಿ ಶುರುವಾಗಿದೆ. ನಡುವೆ ಅದು ಆರಿತ್ತು. ಇದರ ಬದಲು 2:41ಕ್ಕೆ `22 days, 10:02:45` ಅಂತ ಬಂದಿದ್ದರೆ? ಗಡಿಯಾರ ಎಲ್ಲೂ ನಿಂತಿಲ್ಲ, 49 ನಿಮಿಷ ಸರಿಯಾಗಿ ಮುಂದೆ ಹೋಗಿದೆ. ಆಗ ರೌಟರ್ ಎಚ್ಚರವಾಗಿಯೇ ಇತ್ತು, ಕಟ್ಟಾಗಿದ್ದು ದಾರಿ. ಮೊದಲನೆಯದಕ್ಕೆ ಬ್ಯಾಟರಿ ನೋಡುವವರನ್ನು ಕಳಿಸಬೇಕು, ಎರಡನೆಯದಕ್ಕೆ ಟವರ್ ಹತ್ತುವವರನ್ನು. ರಾತ್ರಿ ಹೊತ್ತು ತಪ್ಪು ಮನುಷ್ಯನನ್ನು ಅಷ್ಟು ದೂರ ಓಡಿಸುವುದು ತಪ್ಪುತ್ತದೆ.

ಒಂದು ಎಚ್ಚರಿಕೆ. ಸಂಖ್ಯೆ ಚಿಕ್ಕದಾಗಿದೆ ಅಂದ ಮಾತ್ರಕ್ಕೆ ಕರೆಂಟೇ ಕಾರಣ ಅನ್ನಬೇಡಿ. ರೌಟರ್ ತಾನೇ ಹ್ಯಾಂಗ್ ಆಗಿ ರೀಬೂಟ್ ಆಗಿರಬಹುದು. ಅದೇ ಟವರ್‌ನ ರೇಡಿಯೊಗಳ `sysUpTime` ಕೂಡ ನೋಡಿ. ಎಲ್ಲವೂ ಒಟ್ಟಿಗೆ ಎದ್ದಿದ್ದರೆ ಪವರ್. ರೌಟರ್ ಒಂದೇ ಎದ್ದಿದ್ದರೆ ದೋಷ ಅದರಲ್ಲೇ ಇದೆ, ಇಲ್ಲವೇ ಅದರ ಅಡಾಪ್ಟರ್‌ನಲ್ಲಿ. ಮತ್ತೊಂದು, ಈ ಲೆಕ್ಕ 497 ದಿನ ದಾಟಿದರೆ ತಾನಾಗಿ ಸೊನ್ನೆಗೆ ಮರಳುತ್ತದೆ. ನಡುವೆ ಒಂದೂ ಉತ್ತರ ತಪ್ಪದೆ ಸಂಖ್ಯೆ ಇಳಿದರೆ ಅದನ್ನೂ ನೆನಪಿಡಿ.

ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಹಳ ಹೊತ್ತಾದ ಮೇಲೆ ಟವರ್ ಆರುತ್ತದೆ, ಅಲ್ಲಿಯವರೆಗೆ ಬ್ಯಾಟರಿ ಎಳೆಯುತ್ತದೆ. ನಿಮ್ಮ ರೌಟರ್ ಒಳಬರುವ ವೋಲ್ಟೇಜ್ ತೋರಿಸುತ್ತಿದ್ದರೆ ಅದನ್ನು 5 ನಿಮಿಷಕ್ಕೊಮ್ಮೆ ತೆಗೆದುಕೊಳ್ಳಿ. 24 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ನಡೆಯುವ ಟವರ್‌ನಲ್ಲಿ ಗ್ರಾಫ್ ನಿಧಾನ ಇಳಿಯುವುದು ಕಾಣುತ್ತದೆ, ಆರುವ ಮೊದಲೇ ಸಮಯ ಸಿಗುತ್ತದೆ. ಇನ್ವರ್ಟರ್ ಮೇಲೆ ಅಡಾಪ್ಟರ್ ಹಾಕಿದ್ದರೆ ಮಾತ್ರ ಇದು ಕೆಲಸ ಮಾಡುವುದಿಲ್ಲ. ಕೊನೆಯ ಕ್ಷಣದವರೆಗೂ ಗೆರೆ ಸಪಾಟಾಗಿರುತ್ತದೆ.

ಲಿಂಕ್ ಕಟ್ಟಾಗುವ ಸಂಶಯ ಇದ್ದರೆ ನಿಮ್ಮ ಸರ್ವರ್ ಕಡೆಯ ರೇಡಿಯೊದ ಸಿಗ್ನಲ್ ಕೇಳಿ ಇಟ್ಟುಕೊಳ್ಳಿ, ಅದು ಯಾವಾಗಲೂ ನಿಮ್ಮ ಕೈಗೆ ಸಿಗುತ್ತದೆ. ಈ ಸಂಖ್ಯೆ ಕಂಪನಿಗೊಂದು ಜಾಗದಲ್ಲಿರುತ್ತದೆ. ಮೈಕ್ರೋಟಿಕ್ ಆದರೆ `1.3.6.1.4.1.14988` ಕೆಳಗೆ, ಯುಬಿಕ್ವಿಟಿ ಆದರೆ `1.3.6.1.4.1.41112` ಕೆಳಗೆ `snmpwalk` ಮಾಡಿ, ರೇಡಿಯೊ ಪೇಜ್‌ನಲ್ಲಿ ಕಾಣುವ ಡಿಬಿಎಂ ಜೊತೆ ಹೋಲಿಸಿ ಹುಡುಕಿ. -58 ಇದ್ದದ್ದು ಕೆಲವು ವಾರಗಳಲ್ಲಿ -70 ದಾಟುತ್ತಿದ್ದರೆ ಡಿಶ್ ತಿರುಗಿದೆ, ಕನೆಕ್ಟರ್‌ಗೆ ನೀರು ಹೋಗಿದೆ ಅಥವಾ ನಡುವೆ ಗಿಡ ಬೆಳೆದಿದೆ. ಸಿಗ್ನಲ್ ಚೆನ್ನಾಗಿದ್ದು ಥಟ್ ಅಂತ ಮಾಯವಾದರೆ ಆ ಕಡೆಯ ಪವರ್ ಮೇಲೇ ಮೊದಲ ಗುಮಾನಿ.

ನಿಮಿಷಕ್ಕೊಮ್ಮೆ ಕೇಳಿದರೆ ಲೋಡ್ ಜಾಸ್ತಿ ಆಗುತ್ತದೆ ಅಂತ ಹೆದರಬೇಡಿ. ತೊಂದರೆ ಬರುವುದು ಸತ್ತ ಸಾಧನಗಳನ್ನು ಕೇಳುವಾಗ. `snmpget` ಸುಮ್ನೆ ಓಡಿಸಿದರೆ 1 ಸೆಕೆಂಡ್ ಕಾದು, ಇನ್ನೂ 5 ಸಲ ಕೇಳುತ್ತದೆ. ಒಂದಕ್ಕೆ 6 ಸೆಕೆಂಡ್ ಆಯಿತು. ಡೌನ್ ಆದ ಟವರ್ ಹಿಂದೆ 30 ರೇಡಿಯೊ ಇದ್ದು, ಸ್ಕ್ರಿಪ್ಟ್ ಒಂದೊಂದಾಗಿ ಕೇಳುತ್ತಿದ್ದರೆ 3 ನಿಮಿಷ ಅಲ್ಲೇ ಹೋಯಿತು. ಅಷ್ಟರಲ್ಲಿ ಚೆನ್ನಾಗಿರುವ ಬೇರೆ ಟವರ್‌ಗಳ ಗ್ರಾಫಿನಲ್ಲೂ ತೂತು ಬೀಳುತ್ತದೆ, ಎಲ್ಲ ಕಡೆ ಸಮಸ್ಯೆ ಇದ್ದಂತೆ ಕಾಣುತ್ತದೆ. ಮೇಲಿನ ಕಮಾಂಡ್‌ನಲ್ಲಿ `-t 2 -r 1` ಹಾಕಿದ್ದು ಇದಕ್ಕೇ. ಟವರ್ ರೌಟರನ್ನು ಮೊದಲು ಕೇಳಿ, ಅದು ಉತ್ತರಿಸದಿದ್ದರೆ ಅದರ ಹಿಂದಿನದನ್ನು ಆ ಸುತ್ತಿನಲ್ಲಿ ಬಿಟ್ಟುಬಿಡಿ. ಅಲಾರಂ ಕೂಡ ಟವರ್‌ಗೆ ಒಂದೇ ಬರಲಿ, ಅದೂ ಸತತ 3 ಸಲ ಉತ್ತರ ತಪ್ಪಿದ ಮೇಲೆ.

ಹಾಗಂತ ಟ್ರ್ಯಾಪ್ ತೆಗೆದುಹಾಕಬೇಡಿ. ಆಫೀಸಿನ ಸ್ವಿಚ್‌ನಲ್ಲಿ ಒಂದು ಪೋರ್ಟ್ 10 ಸೆಕೆಂಡ್ ಡೌನ್ ಆಗಿ ಅಪ್ ಆದರೆ ಪೋಲಿಂಗ್ ಕಣ್ಣಿಗೆ ಬೀಳದೆ ಹೋಗಬಹುದು, `linkDown` ಟ್ರ್ಯಾಪ್ ಹಿಡಿದುಕೊಡುತ್ತದೆ. ಟವರ್ ಎದ್ದಾಗ ಬರುವ `coldStart` ಕೂಡ ಒಳ್ಳೆಯ ಸುಳಿವು, ಆದರೆ ರೇಡಿಯೊ ಲಿಂಕ್ ಕೂಡುವ ಮೊದಲೇ ಕಳಿಸಿದ್ದರೆ ಅದೂ ಕಳೆದುಹೋಗುತ್ತದೆ. ಹಾಗಾಗಿ ಯಾವ ಟ್ರ್ಯಾಪ್ ಬಂದರೂ ಅದನ್ನೇ ನಂಬಿ ತೀರ್ಮಾನ ಮಾಡಬೇಡಿ. ಟ್ರ್ಯಾಪ್ ಬಂದ ಕೂಡಲೇ ಆ ಸಾಧನವನ್ನು ಒಮ್ಮೆ ಪೋಲ್ ಮಾಡುವಂತೆ ಸ್ಕ್ರಿಪ್ಟ್ ಬರೆಯಿರಿ.

ಕಮ್ಯುನಿಟಿ ಹೆಸರು `public` ಇದ್ದರೆ ಇವತ್ತೇ ಬದಲಿಸಿ, ಓದಲು ಮಾತ್ರ ಬಿಡಿ. ವಿ2ಸಿಯಲ್ಲಿ ಆ ಹೆಸರು ಬಯಲಲ್ಲೇ ಹೋಗುತ್ತದೆ. 161ನೇ ಪೋರ್ಟ್ ನಿಮ್ಮ ಪೋಲಿಂಗ್ ಸರ್ವರ್‌ನ ಐಪಿಗೆ ಮಾತ್ರ ತೆರೆದಿರಲಿ, ಕಸ್ಟಮರ್ ಕಡೆಯಿಂದ ಯಾರಿಗೂ ಕಾಣಬಾರದು.