ಬೆಲೆ ಇಳಿದ್ರೆ ಸಾಲ ಯಾಕೆ ದೊಡ್ಡದಾಗುತ್ತೆ?

ಓದುಗರ ಪತ್ರ: ಸಂಪಾದಕರೇ, ಬೆಲೆ ಇಳಿಯೋದು ಅಪಾಯ ಅಂತ ಅರ್ಥಶಾಸ್ತ್ರಜ್ಞರು ಯಾಕೆ ಹೆದರಿಸ್ತಾರೋ ನಂಗೆ ಅರ್ಥ ಆಗಿಲ್ಲ. ಸಾಲ ಮಾಡಿದವನಿಗೆ ನಷ್ಟ ಆದ್ರೆ ಸಾಲ ಕೊಟ್ಟವನಿಗೆ ಅಷ್ಟೇ ಲಾಭ ಆಗುತ್ತೆ, ಒಟ್ಟು ಲೆಕ್ಕ ಸರಿಹೋಯ್ತಲ್ಲ? ಅದೂ ಸಾಲ್ದು ಅಂದ್ರೆ ಸೆಂಟ್ರಲ್ ಬ್ಯಾಂಕ್ ಬಡ್ಡಿ ಇಳಿಸ್ಬಹುದಲ್ವಾ?

ಸಂಪಾದಕರ ಉತ್ತರ:

ನಿಮ್ಮ ಎರಡೂ ಪ್ರಶ್ನೆ ಚೆನ್ನಾಗಿವೆ, ಎರಡೂ ಎಡವೋದು ಒಂದೇ ಜಾಗದಲ್ಲಿ. ಸಾಲದ ಪತ್ರದಲ್ಲಿ ಬರೆದಿರೋ ಅಂಕಿ ಬೆಲೆ ಜೊತೆ ಇಳಿಯಲ್ಲ. ಸಂಬಳ ಇಳಿಯುತ್ತೆ, ಬೆಳೆಯ ರೇಟ್ ಇಳಿಯುತ್ತೆ, ಜಮೀನಿನ ಬೆಲೆ ಇಳಿಯುತ್ತೆ, ಆದ್ರೆ ಅಸಲು ಮಾತ್ರ ಸಹಿ ಹಾಕಿದ ದಿನ ಎಷ್ಟಿತ್ತೋ ಅಷ್ಟೇ.

ಇದು ಅತೀ ಚೆನ್ನಾಗಿ ಕಾಣೋದು 1929ರಿಂದ 1933ರವರೆಗಿನ ಅಮೆರಿಕದಲ್ಲಿ, ಹಾಗಾಗಿ ಅಲ್ಲಿಗೇ ಹೋಗೋಣ. ಒಬ್ಬ ಗೋಧಿ ರೈತ ಇದ್ದಾನೆ ಅಂದ್ಕೊಳಿ. 1929ರಲ್ಲಿ ಜಮೀನು ಅಡ ಇಟ್ಟು 5,000 ಡಾಲರ್ ಸಾಲ ತಗೊಂಡಿದ್ದಾನೆ, ಬಡ್ಡಿ 6%, ಅಂದ್ರೆ ವರ್ಷಕ್ಕೆ 300 ಡಾಲರ್. ಆಗ ಒಂದು ಬುಶೆಲ್, ಅಂದ್ರೆ ಸುಮಾರು 27 ಕೆಜಿ, ಗೋಧಿಗೆ ರೈತನ ಕೈಗೆ ಹೆಚ್ಚುಕಮ್ಮಿ 1 ಡಾಲರ್ ಸಿಗ್ತಿತ್ತು, ಸೋ ಬಡ್ಡಿಗೆ 300 ಬುಶೆಲ್ ಮಾರಿದ್ರೆ ಆಯ್ತು. 1932ಕ್ಕೆ ಅದೇ ಬುಶೆಲ್‌ಗೆ ಸಿಕ್ಕಿದ್ದು 40 ಸೆಂಟ್‌ಗಿಂತ ಕಮ್ಮಿ. 40 ಅಂತಲೇ ಇಟ್ಕೊಂಡ್ರೂ ಅದೇ 300 ಡಾಲರ್ ಬಡ್ಡಿ ಕಟ್ಟೋಕೆ 750 ಬುಶೆಲ್ ಬೇಕು, ಅಸಲು ತೀರಿಸೋಕೆ ಮೊದಲು 5,000 ಬುಶೆಲ್ ಸಾಕಿತ್ತು, ಈಗ 12,500. ಅವನು ಸೋಮಾರಿ ಆಗಿಲ್ಲ, ದುಂದು ಮಾಡಿಲ್ಲ, ಹೊಸದಾಗಿ ಒಂದು ಪೈಸೆ ಸಾಲ ಮಾಡಿಲ್ಲ, ಆದ್ರೂ ಸಾಲ ಎರಡೂವರೆ ಪಟ್ಟು ಆಗಿ ಕೂತಿದೆ. (ಗೋಧಿ ಬೇರೆ ಸರಕುಗಳಿಗಿಂತ ಜಾಸ್ತಿ ಬಿದ್ದಿತ್ತು ಅನ್ನೋದು ನಿಜ. ಸಾಮಾನ್ಯ ಜನ ಕೊಳ್ಳೋ ವಸ್ತುಗಳ ಬೆಲೆ ಆ ನಾಲ್ಕು ವರ್ಷದಲ್ಲಿ ಇಳಿದಿದ್ದು ಸುಮಾರು ಕಾಲು ಭಾಗ. ಬರೀ ಅಷ್ಟೇ ಇಳಿದ್ರೂ 100 ಡಾಲರ್ ಸಾಲದ ನಿಜವಾದ ಭಾರ 133 ಆಗುತ್ತೆ.)

ಇಲ್ಲಿ ಬೆಲೆ ಅನಿರೀಕ್ಷಿತವಾಗಿ ಬಿದ್ದಿದ್ದೇ ಮುಖ್ಯ. ಬೆಲೆ ಬೀಳುತ್ತೆ ಅಂತ ಇಬ್ಬರಿಗೂ ಮೊದಲೇ ಗೊತ್ತಿದ್ದಿದ್ರೆ ರೈತ 6% ಬಡ್ಡಿಗೆ ಒಪ್ತಾನೇ ಇರಲಿಲ್ಲ, ಕಮ್ಮಿ ಬಡ್ಡಿಗೆ ಚೌಕಾಸಿ ಮಾಡ್ತಿದ್ದ, ಇಲ್ಲಾಂದ್ರೆ ಸಾಲದ ತಂಟೆಗೇ ಹೋಗ್ತಿರಲಿಲ್ಲ. ಗೊತ್ತಿರಲಿಲ್ಲ, ಸಹಿ ಹಾಕಿಬಿಟ್ಟ, ಆಮೇಲೆ ಬೆಲೆ ಬಿತ್ತು.

ಈಗ ನಿಮ್ಮ ಮೊದಲ್ನೇ ವಾದಕ್ಕೆ ಬರೋಣ, ಇವನ ನಷ್ಟ ಅವನ ಲಾಭ ಅನ್ನೋದು. ಕಾಗದದ ಮೇಲೆ ಹೌದು. ಆದ್ರೆ ಸಾಲ ಮಾಡೋ ಜನ ಸಾಮಾನ್ಯವಾಗಿ ಕೈಗೆ ಬಂದಿದ್ದನ್ನ ಖರ್ಚು ಮಾಡೋರು, ಅವ್ರಿಗೆ ಹೊಡೆತ ಬಿದ್ರೆ ತಕ್ಷಣ ಖರ್ಚು ನಿಲ್ಲಿಸ್ತಾರೆ. ಸಾಲ ಕೊಟ್ಟವ್ರು ಲಾಭ ಆಯ್ತು ಅಂತ ಅಷ್ಟೇ ಜಾಸ್ತಿ ಖರ್ಚು ಮಾಡಲ್ಲ. ಇನ್ನೂ ದೊಡ್ಡ ವಿಷ್ಯ ಏನಂದ್ರೆ ಆ ಲಾಭ ಕೈಗೆ ಬರೋದು ಸಾಲಗಾರ ಕಟ್ಟಿದ್ರೆ ಮಾತ್ರ. ನಮ್ಮ ರೈತ 750 ಬುಶೆಲ್ ಎಲ್ಲಿಂದ ತರ್ತಾನೆ? ಕೈ ಎತ್ತುತ್ತಾನೆ, ಬ್ಯಾಂಕ್ ಜಮೀನು ಜಪ್ತಿ ಮಾಡುತ್ತೆ, ಆ ಜಮೀನಿಗೂ ಈಗ ಗಿರಾಕಿ ಇಲ್ಲ. 1930ರಿಂದ 1933ರೊಳಗೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕ್ ಬಾಗಿಲು ಹಾಕಿದ್ವು. ಎಲ್ಲಾ ಇದೊಂದೇ ಕಾರಣಕ್ಕಲ್ಲ, ಜನ ಗಾಬರಿಬಿದ್ದು ಠೇವಣಿ ಕಿತ್ಕೊಂಡಿದ್ದೂ ಇದೆ, ಆದ್ರೆ ಬೆಲೆ ಇಳಿದು ಲಾಭ ಮಾಡ್ಕೊಂಡ್ರು ಅಂತ ನೀವು ಹೇಳೋ ಸಾಲ ಕೊಟ್ಟವ್ರ ಪೈಕಿ ಇವೂ ಇದ್ವು.

ಆಮೇಲೆ ಸುಳಿ ಶುರುವಾಗುತ್ತೆ. ಇದನ್ನ 1933ರಲ್ಲಿ ಬಿಡಿಸಿ ಬರೆದವ್ರು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್, ಅವ್ರೂ 1929ರ ಷೇರು ಕುಸಿತದಲ್ಲಿ ತಮ್ಮ ಆಸ್ತಿ ಕಳ್ಕೊಂಡವ್ರೇ. ಸಾಲದ ಭಾರ ಇಳಿಸ್ಕೊಳ್ಳೋಣ ಅಂತ ಎಲ್ರೂ ಒಟ್ಟಿಗೆ ಮಾಲು ಮಾರೋಕೆ, ಆಸ್ತಿ ಮಾರೋಕೆ ನಿಲ್ತಾರೆ, ಬ್ಯಾಂಕ್ ಸಾಲ ತೀರಿದಂಗೆಲ್ಲ, ಸಾಲ ಕೊಟ್ಟಾಗ ಹುಟ್ಟಿ ಚಲಾವಣೇಲಿದ್ದ ಠೇವಣಿ ಹಣ ಕರಗುತ್ತೆ, ಬೆಲೆ ಇನ್ನೂ ಬೀಳುತ್ತೆ, ಉಳಿದ ಸಾಲ ಇನ್ನೂ ಭಾರ ಆಗುತ್ತೆ. ಫಿಶರ್ ಹಾಕಿದ ಲೆಕ್ಕ ನೋಡಿ: 1933ರ ಮಾರ್ಚ್ ಹೊತ್ತಿಗೆ ಜನ ಡಾಲರ್ ಲೆಕ್ಕದಲ್ಲಿ ಸಾಲ ಸುಮಾರು 20% ಇಳಿಸ್ಕೊಂಡಿದ್ರು, ಅಂದ್ರೆ 100 ಇದ್ದಿದ್ದು 80. ಆದ್ರೆ ಸಗಟು ಬೆಲೆ ಬಿದ್ದಿದ್ರಿಂದ ಒಂದು ಡಾಲರ್ ಕೊಳ್ಳೋ ಶಕ್ತಿ ಸುಮಾರು 75% ಏರಿತ್ತು. 80ನ್ನ 1.75ರಿಂದ ಗುಣಿಸಿ, 140 ಬರುತ್ತೆ. ಅಷ್ಟೆಲ್ಲಾ ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದ್ಮೇಲೂ ನಿಜವಾದ ಸಾಲ 40% ಜಾಸ್ತಿ!

ಹಾಗಾದ್ರೆ ಬಡ್ಡಿ ಇಳಿಸಿದ್ರೆ? ಇಳಿಸಿದ್ರು ಸ್ವಾಮಿ. ಅಮೆರಿಕದ ಸೆಂಟ್ರಲ್ ಬ್ಯಾಂಕ್ ವ್ಯವಸ್ಥೆಯ ಭಾಗವಾದ ನ್ಯೂಯಾರ್ಕ್ ಫೆಡರಲ್ ರಿಸರ್ವ್ ತನ್ನ ದರನ 1929ರ 6%ನಿಂದ 1931ರ ಮೇ ಹೊತ್ತಿಗೆ 1.5%ಗೆ ತಂದಿತ್ತು, ಪೇಪರ್‌ನಲ್ಲಿ ನೋಡಿದವ್ರಿಗೆ ದುಡ್ಡು ಬಲು ಅಗ್ಗ ಅನ್ನಿಸ್ಬೇಕು. ಆದ್ರೆ 1931ರಲ್ಲಿ ಬೆಲೆ ಇಳಿದಿದ್ದು ಸುಮಾರು 9%. ಬಡ್ಡಿಗೆ ಈ ಇಳಿತನೂ ಸೇರಿಸಿದ್ರೆ 1.5%ಗೆ ಸಾಲ ಪಡೆದವನೂ ನಿಜವಾಗಿ ತೆತ್ತಿದ್ದು ಹತ್ತು ಶೇಕಡಾಕ್ಕಿಂತ ಜಾಸ್ತಿ, ನಮ್ಮ ರೈತನ 6% ಆ ವರ್ಷ 15%ರ ಹತ್ರ ಹೋಗುತ್ತೆ. ಜೊತೆಗೆ ದರ ಇಳಿಸೋಕೆ ಹೆಚ್ಚುಕಮ್ಮಿ ಸೊನ್ನೆ ಅನ್ನೋ ನೆಲ ಇದೆ, ಬೆಲೆ ಇಳಿಯೋಕೆ ಅಂಥ ನೆಲ ಇಲ್ಲ. ಇದರ ಮೇಲೆ 1931ರ ಅಕ್ಟೋಬರ್‌ನಲ್ಲಿ, ಬ್ರಿಟನ್ ಚಿನ್ನದ ಮಾನದಂಡ, ಅಂದ್ರೆ ಹಣನ ನಿಗದಿತ ದರದಲ್ಲಿ ಚಿನ್ನಕ್ಕೆ ಕಟ್ಟಿಹಾಕೋ ಪದ್ಧತಿ, ಬಿಟ್ಟ ಮರುತಿಂಗಳೇ, ಡಾಲರ್‌ನ ಚಿನ್ನ ಹೊರಗೆ ಹರಿದುಹೋಗುತ್ತೆ ಅನ್ನೋ ಭಯಕ್ಕೆ ದರನ ವಾಪಸ್ 3.5%ಗೆ ಏರಿಸಿದ್ರು. ನನ್ನ ಪ್ರಕಾರ ಆ ಇಡೀ ಕಥೆಯಲ್ಲಿ ಅದಕ್ಕಿಂತ ಕೆಟ್ಟ ಟೈಮಿಂಗ್ ಸಿಗೋದು ಕಷ್ಟ.

ಆದ್ರೆ ದರ ಕಮ್ಮಿಯಾಗೇ ಇಟ್ಟಿದ್ರೂ ಅದು ರೈತನವರೆಗೆ ತಲುಪ್ತಿತ್ತಾ ಅನ್ನೋದು ಬೇರೆ ಪ್ರಶ್ನೆ, ಜನ ಸಾಮಾನ್ಯವಾಗಿ ಮರೆಯೋದು ಇದನ್ನೇ. ಆಗಿನ ಅಡಮಾನ ಸಾಲಗಳಲ್ಲಿ ತುಂಬಾ ಸಾಲ ಮೂರರಿಂದ ಐದು ವರ್ಷದ್ದು, ಕೊನೇಲಿ ಅಸಲು ಒಟ್ಟಿಗೆ ಕಟ್ಬೇಕು, ಇಲ್ಲಾ ರಿನ್ಯೂ ಮಾಡಿಸ್ಬೇಕು. ಅವನ ಜಮೀನು ಮೊದಲು 10,000 ಡಾಲರ್ ಬಾಳ್ತಿತ್ತು, ಈಗ 6,000 ಅಂತಿಟ್ಕೊಳಿ. 5,000 ಸಾಲ ಕಳೆದ್ರೆ ಅವನದ್ದು ಅಂತ ಮೊದಲು 5,000 ಇತ್ತು, ಈಗ 1,000. ಜಮೀನಿನ ಬೆಲೆ ಬಿದ್ದಿದ್ದು 40%, ಅವನ ಸ್ವಂತ ಪಾಲು ಹೋಗಿದ್ದು 80%. ಜಮೀನಿನ ಅರ್ಧ ಬೆಲೆಗಷ್ಟೇ ಸಾಲ ಕೊಡೋ ಬ್ಯಾಂಕ್ ಆಗಿದ್ರೆ ಈಗ 3,000ಕ್ಕಿಂತ ಜಾಸ್ತಿ ಕೊಡಲ್ಲ, ಸೆಂಟ್ರಲ್ ಬ್ಯಾಂಕ್ ದರ ಎಷ್ಟೇ ಇರ್ಲಿ. ಬಾಕಿ 2,000 ಕೈಯಿಂದ ತಾ ಅನ್ನುತ್ತೆ. ಹೀಗೆ ದರ ಕಡಿತದ ಲಾಭ ಸಿಗೋದು ಸಾಲದ ಅವಶ್ಯಕತೆ ಇಲ್ಲದ ಗಟ್ಟಿ ಕುಳಗಳಿಗೆ, ಬೇಕಾದವನು ಬಾಗಿಲಾಚೆಗೇ ಉಳೀತಾನೆ. ನಷ್ಟ ತಿಂದ ಬ್ಯಾಂಕ್‌ಗೂ ಹೊಸ ಸಾಲ ಕೊಡೋ ಧೈರ್ಯ ಇರಲ್ಲ, ನಗದು ಹಿಡ್ಕೊಂಡು ಕೂರುತ್ತೆ.

ಬೆಲೆ ಇಳಿದಾಗೆಲ್ಲಾ ಹೀಗೇ ಆಗುತ್ತೆ ಅಂತಲ್ಲ ಮತ್ತೆ. ಉತ್ಪಾದನೆ ಸುಧಾರಿಸಿ ಸರಕು ಅಗ್ಗ ಆದ್ರೆ ಜನರ ಆದಾಯ ಬೀಳಲ್ಲ, ಸಾಲ ಕಟ್ಟೋಕೂ ತೊಂದ್ರೆ ಇಲ್ಲ. ಜಪಾನ್‌ನಲ್ಲಿ 1990ರ ದಶಕದ ಕೊನೆಯಿಂದ ಬೆಲೆ ಇಳಿದಿದ್ದು ತುಂಬಾ ನಿಧಾನಕ್ಕೆ, ಅಲ್ಲಿ ಕಾಡಿದ್ದು ಸೊನ್ನೆ ಬಡ್ಡಿಯ ನೆಲ ಮತ್ತು ಹಳೇ ಕೆಟ್ಟ ಸಾಲಗಳು, ಫಿಶರ್ ಹೇಳಿದ ಸುಳಿ ಅಷ್ಟು ಜೋರಾಗಿ ಏಳಲಿಲ್ಲ. ಗುರುತಿಸೋಕೆ ಬೆಲೆ ಒಂದನ್ನೇ ನೋಡ್ಬೇಡಿ, ದೇಶದ ಒಟ್ಟು ಆದಾಯನ ಹಣದ ಲೆಕ್ಕದಲ್ಲೇ, ಬೆಲೆ ಹೊಂದಾಣಿಕೆ ಮಾಡ್ದೆ, ಸಾಲದ ಪಕ್ಕ ಇಟ್ಟು ನೋಡಿ. ಅಮೆರಿಕದಲ್ಲಿ 1929ರಿಂದ 1933ಕ್ಕೆ ಆ ಆದಾಯ ಹೆಚ್ಚುಕಮ್ಮಿ ಅರ್ಧಕ್ಕೆ ಬಂದಿತ್ತು.

ಕೊನೆಗೆ ಗಂಟು ಸಡಿಲಿಸಿದ್ದು ಬೇರೆ ದಾರಿ. 1933ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಡಾಲರ್‌ನ ಚಿನ್ನದಿಂದ ಬಿಡಿಸಿದ್ರು, ಸಾಲನ ಚಿನ್ನದ ಲೆಕ್ಕದಲ್ಲಿ ಕಟ್ಟಬೇಕು ಅನ್ನೋ ಕರಾರುಗಳು ರದ್ದಾದ್ವು, 1934ರ ಜನವರೀಲಿ ಒಂದು ಔನ್ಸ್ ಚಿನ್ನದ ದರ 20.67 ಡಾಲರ್‌ನಿಂದ 35ಕ್ಕೆ ಏರಿತು. ಬೆಲೆಗಳನ್ನ ಮತ್ತೆ ಮೇಲೆತ್ತುತೀವಿ ಅಂತ ಬಾಯಿಬಿಟ್ಟೇ ಹೇಳಿದ್ರು, 1933ರ ವಸಂತದಿಂದಲೇ ಸಗಟು ಬೆಲೆ ಏರೋಕೆ ಶುರುವಾಯ್ತು. ಬಾಂಡ್ ಇಟ್ಕೊಂಡವ್ರು ಇದು ಮೋಸ ಅಂತ ಕೋರ್ಟ್‌ಗೂ ಹೋದ್ರು, ಅವ್ರ ಸಿಟ್ಟು ನಂಗೆ ಅರ್ಥ ಆಗುತ್ತೆ, ಆದ್ರೆ ಅವ್ರು ಕೇಳ್ತಿದ್ದ ಪೂರಾ ಬಾಕಿ ತೀರಿಸೋ ಶಕ್ತಿ ಸಾಲಗಾರರ ಹತ್ರ ಅಷ್ಟೊತ್ತಿಗೆ ಉಳಿದಿರಲಿಲ್ಲ.

– ಸಂ.